ನಿಮ್ಮ ತಾರಸಿಗೆ ಎಷ್ಟು ಗ್ರೋ ಬ್ಯಾಗ್, ಎಷ್ಟು ಲೀಟರ್ ಮಣ್ಣು? ಅಳತೆ ಮಾಡುವ ಕ್ರಮ

ನವರಾತ್ರಿ ಹತ್ತಿರ ಬಂತು ಅಂದರೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. "ನಮ್ಮ ಟೆರೇಸ್ ಇಷ್ಟು ಚದರಡಿ ಇದೆ, ಎಷ್ಟು ಗ್ರೋ ಬ್ಯಾಗ್ ತರಬೇಕು? ಮಣ್ಣು ಎಷ್ಟು ಬೇಕು?" ಕೆಲವರು ಮೊದಲೇ ಚೀಲ ತಂದುಬಿಟ್ಟಿರುತ್ತಾರೆ. ಆಮೇಲೆ ಮಣ್ಣು ಅರ್ಧಕ್ಕೇ ಮುಗಿದುಹೋಗುತ್ತದೆ, ಇಲ್ಲವೇ ಒಂದು ಟ್ರಾಲಿ ಮಣ್ಣು ಅಂಗಳದಲ್ಲೇ ಉಳಿಯುತ್ತದೆ. ಅದಕ್ಕೇ ಈ ಸಲ ಪೂರ್ತಿ ಲೆಕ್ಕವನ್ನು ಒಂದು ಮನೆಯ ತಾರಸಿ ಹಿಡಿದುಕೊಂಡು ತೋರಿಸುತ್ತೇನೆ. ನಿಮ್ಮ ಅಳತೆ ಬೇರೆ ಇರಬಹುದು, ಕ್ರಮ ಇದೇ.

ಶುರು ಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ಅಳತೆ ಟೇಪು, ಸೀಮೆಸುಣ್ಣ, ಒಂದು ಹಾಳೆ, 20 ಲೀಟರಿನ ಖಾಲಿ ಪೇಂಟ್ ಬಕೆಟ್, ಒಂದಿಷ್ಟು ಖಾಲಿ ಸಿಮೆಂಟ್ ಚೀಲ. 50 ಕೆಜಿ ಸಿಮೆಂಟ್ ಬರುವ ಚೀಲದಲ್ಲಿ ಸುಮಾರು 35 ಲೀಟರ್ ಮಣ್ಣು ಹಿಡಿಯುತ್ತದೆ. ನಮ್ಮ ಕಡೆ ಮಣ್ಣು, ಗೊಬ್ಬರ ಎಲ್ಲ ಇದೇ ಚೀಲದಲ್ಲಿ ಬರುವುದರಿಂದ ಈ 35 ಅನ್ನುವ ಸಂಖ್ಯೆ ನೆನಪಿರಲಿ.

ಹೆಂಚಿನ ಮಾಡಿನ ಮನೆಯವರಿಗೆ, ತಾರಸಿಯ ಮೇಲೆ ಪೂರ್ತಿ ತಗಡಿನ ಶೀಟು ಹಾಕಿಸಿದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಶೀಟಿನ ಕೆಳಗೆ ಬಿಸಿಲೇ ಬೀಳುವುದಿಲ್ಲ, ತರಕಾರಿ ಏಳುವುದಿಲ್ಲ.

1. ಪೂರ್ತಿ ತಾರಸಿ ಅಲ್ಲ, ಬಳಸಬಹುದಾದ ಜಾಗ ಅಳೆಯಿರಿ

ಮನೆಯ ನಕ್ಷೆಯಲ್ಲಿ ಬರೆದ ಚದರಡಿ ತೆಗೆದುಕೊಳ್ಳಬೇಡಿ. ಅದರಲ್ಲಿ ಗೋಡೆಯ ದಪ್ಪ, ಹೊರಗೆ ಚಾಚಿದ ಸಜ್ಜೆ ಎಲ್ಲ ಸೇರಿರಬಹುದು. ಕಟ್ಟೆಗೋಡೆಯ (ಪ್ಯಾರಾಪೆಟ್) ಒಳಮೈಯಿಂದ ಒಳಮೈಗೆ ಟೇಪು ಹಿಡಿಯಿರಿ.

ನಮ್ಮ ಉದಾಹರಣೆಯ ತಾರಸಿ ಒಳಗಿನಿಂದ 28 ಅಡಿ ಉದ್ದ, 18 ಅಡಿ ಅಗಲ. ಅಂದರೆ 504 ಚದರಡಿ. ಈಗ ಇದರಿಂದ ಕಳೆಯುತ್ತ ಹೋಗಿ:

- ಮೆಟ್ಟಿಲಿನ ಕೋಣೆ, 10 x 8 ಅಡಿ: 80
- ನೀರಿನ ಟ್ಯಾಂಕಿ ಮತ್ತು ಸುತ್ತ ಕೈಯಾಡಿಸುವ ಜಾಗ, 6 x 6 ಅಡಿ: 36
- ಸೋಲಾರ್ ಹೀಟರ್, 8 x 6 ಅಡಿ: 48
- ಬಟ್ಟೆ ಒಣಗಿಸುವ ತಂತಿಯ ಕೆಳಗಿನ ಜಾಗ, 12 x 5 ಅಡಿ: 60
- ನೆರಳಿನ ಮೂಲೆಗಳು: 40

ಒಟ್ಟು 264 ಹೋಯಿತು. ಉಳಿದದ್ದು 240 ಚದರಡಿ. ಅರ್ಧಕ್ಕಿಂತ ಕಡಿಮೆ! ಹೆಚ್ಚಿನ ಮನೆಗಳಲ್ಲಿ ಹೀಗೇ ಬರುತ್ತದೆ. ಬಟ್ಟೆ ಒಣಗಿಸುವ ಜಾಗ ಬಿಡದೆ ಚೀಲ ಇಟ್ಟವರು ಕೊನೆಗೆ ಚೀಲವನ್ನೇ ಎಳೆದಾಡಬೇಕಾಗುತ್ತದೆ. 40 ಕೆಜಿ ತೂಗುವ ಒದ್ದೆ ಚೀಲ ಎಳೆದರೆ ಅಡಿ ಹರಿಯುತ್ತದೆ.

ನೆರಳಿನ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ತರಕಾರಿ ಹಂಗಾಮು ಅಕ್ಟೋಬರದಿಂದ ಮೇ ತನಕ. ಅದರಲ್ಲಿ ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಕಾರವಾರದಲ್ಲಿ ಡಿಸೆಂಬರ್ ಕೊನೆಗೆ ನಡು ಮಧ್ಯಾಹ್ನವೂ ಅವನು ನೆತ್ತಿಯ ಮೇಲೆ ಬರುವುದಿಲ್ಲ, ಸುಮಾರು 52 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಹಾಗಾಗಿ ದಕ್ಷಿಣದ ಕಟ್ಟೆಗೋಡೆ 3 ಅಡಿ ಎತ್ತರ ಇದ್ದರೆ ಮಧ್ಯಾಹ್ನದ ನೆರಳೇ ಸುಮಾರು 2 ಅಡಿ 4 ಇಂಚು ಒಳಗೆ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಜಾಸ್ತಿ. ಜೂನ್ ತಿಂಗಳಲ್ಲಿ ಅಳತೆ ಮಾಡಿದವರಿಗೆ ಈ ನೆರಳು ಕಾಣುವುದೇ ಇಲ್ಲ. ಸೋಲಾರ್ ಹೇಗೂ ದಕ್ಷಿಣಕ್ಕೆ ಮುಖ ಮಾಡಿ ಕೂತಿರುತ್ತದೆ ಅಲ್ವಾ? ಬಟ್ಟೆ ತಂತಿಯನ್ನೂ ಆ ಕಡೆಗೇ ಬಿಟ್ಟುಕೊಡಿ. ಚೀಲಗಳು ಉತ್ತರದ ಕಡೆ ಇರಲಿ. ನಮ್ಮ ಉದಾಹರಣೆಯಲ್ಲಿ ಉಳಿದ 240 ಚದರಡಿ ಉತ್ತರ ಮತ್ತು ಪೂರ್ವದ ಗೋಡೆಗೆ ತಾಗಿದ 20 x 12 ಅಡಿಯ ಆಯತ.

2. ಸೀಮೆಸುಣ್ಣದಿಂದ ಸಾಲು ಬರೆಯಿರಿ

240 ಚದರಡಿಯನ್ನು ಒಂದು ಚೀಲದ ಬಾಯಿಯ ಅಳತೆಯಿಂದ ಭಾಗಿಸಿ "ನೂರಾರು ಚೀಲ ಹಿಡಿಯುತ್ತದೆ" ಅನ್ನುವ ಲೆಕ್ಕ ಹಾಕಬೇಡಿ. ಓಡಾಡಲು ದಾರಿ ಬೇಕು, ನೀರು ಹರಿಯಲು ಸಂದು ಬೇಕು. ತಾರಸಿಯ ಮೇಲೆ ನಿಂತು, ಗೆರೆ ಎಳೆದೇ ನೋಡಿ.

12 ಅಡಿಯ ಅಗಲವನ್ನು ಉತ್ತರದ ಗೋಡೆಯಿಂದ ಹೀಗೆ ಹಂಚಿದ್ದೇವೆ. ಗೋಡೆಯ ಬುಡದಲ್ಲಿ ಅರ್ಧ ಅಡಿ ಖಾಲಿ. ಆಮೇಲೆ ಒಂದೂವರೆ ಅಡಿಯ ಒಂಟಿ ಸಾಲು. ನಂತರ 2 ಅಡಿ ದಾರಿ. ನಂತರ 3 ಅಡಿಯ ಜೋಡಿ ಸಾಲು. ಮತ್ತೆ 2 ಅಡಿ ದಾರಿ. ಕೊನೆಗೆ 3 ಅಡಿಯ ಇನ್ನೊಂದು ಜೋಡಿ ಸಾಲು. ಕೂಡಿಸಿದರೆ ಸರಿಯಾಗಿ 12.

ಉದ್ದದಲ್ಲಿ 20 ಅಡಿ ಇದ್ದರೂ ಎರಡೂ ತುದಿ ಸೇರಿ 2 ಅಡಿ ಬಿಡಿ, 18 ಅಡಿ ಮಾತ್ರ ಬಳಸಿ. ಒಂಟಿ ಸಾಲಿನಲ್ಲಿ 2 ಅಡಿಗೊಂದರಂತೆ 9 ದೊಡ್ಡ ಚೀಲ. ಜೋಡಿ ಸಾಲುಗಳಲ್ಲಿ ಒಂದೂವರೆ ಅಡಿಗೊಂದರಂತೆ ಒಂದು ಸಾಲಿಗೆ 12, ಜೋಡಿಗೆ 24. ಒಟ್ಟು 9 + 24 + 24 = 57 ಚೀಲ.

ಜೋಡಿಗಿಂತ ಹೆಚ್ಚು ಸಾಲು ಒತ್ತೊತ್ತಾಗಿ ಇಡಬೇಡಿ. ಮೂರನೆಯ ಸಾಲಿಗೆ ಕೈ ಎಟಕುವುದಿಲ್ಲ, ಅಲ್ಲಿನ ಹುಳ ಕಣ್ಣಿಗೆ ಬೀಳುವ ಹೊತ್ತಿಗೆ ಗಿಡ ಹೋಗಿರುತ್ತದೆ. ಗೋಡೆಯ ಬುಡದ ಅರ್ಧ ಅಡಿಯನ್ನೂ ಕದಿಯಬೇಡಿ. ಎಲೆ ಬಿದ್ದು ನೀರಿನ ಕಿಂಡಿ ಕಟ್ಟಿಕೊಂಡರೆ ಕೈ ಹಾಕಲು ಅದೊಂದೇ ದಾರಿ. ಸಾಲುಗಳು ತಾರಸಿಯ ಇಳಿಜಾರಿನ ದಿಕ್ಕಿಗೇ ಇದ್ದರೆ ಒಳ್ಳೆಯದು. ಅಡ್ಡ ಬಂದರೆ ಚೀಲಗಳೇ ಕಟ್ಟೆಯಾಗಿ ನೀರು ನಿಲ್ಲುತ್ತದೆ.

3. ಯಾವ ಸಾಲಿಗೆ ಯಾವ ಚೀಲ

ಗ್ರೋ ಬ್ಯಾಗನ್ನು ಇಂಚಿನಲ್ಲಿ ಮಾರುತ್ತಾರೆ. ಮೊದಲ ಸಂಖ್ಯೆ ಬಾಯಿಯ ಅಡ್ಡಳತೆ (ವ್ಯಾಸ), ಎರಡನೆಯದು ಎತ್ತರ. ನಾವು ಮೂರೇ ಬಗೆ ಇಟ್ಟುಕೊಂಡಿದ್ದೇವೆ.

ಉತ್ತರದ ಒಂಟಿ ಸಾಲಿಗೆ 18 x 18. ಇಲ್ಲಿ ಬಸಳೆ, ಹೀರೆ, ಹಾಗಲ, ಪಡವಲದಂಥ ಬಳ್ಳಿಗಳು. ಚಪ್ಪರ ಉತ್ತರದಲ್ಲಿ ಇರುವುದರಿಂದ ಉಳಿದ ಗಿಡಗಳಿಗೆ ಅದರ ನೆರಳು ಬೀಳುವುದಿಲ್ಲ.

ನಡುವಿನ ಜೋಡಿ ಸಾಲಿಗೆ 15 x 15. ಬದನೆ, ಟೊಮೆಟೊ, ಬೆಂಡೆ, ಅಲಸಂದೆ.

ಕೊನೆಯ ಜೋಡಿ ಸಾಲಿಗೆ 12 x 12. ಹರಿವೆ, ಮೆಂತೆ, ಮೂಲಂಗಿ, ಮೆಣಸಿನ ಗಿಡ. ಸೊಪ್ಪಿಗೆ ಇದಕ್ಕಿಂತ ಆಳ ಬೇಕಾಗಿಲ್ಲ. ಹರಿವೆಗೆ 18 ಇಂಚಿನ ಚೀಲ ತುಂಬಿಸಿದರೆ ಸುಮ್ನೆ ಮಣ್ಣು ದಂಡ, ತಾರಸಿಗೂ ಭಾರ.

ಇಲ್ಲೇ ಒಂದು ದೊಡ್ಡ ಮೋಸದ ಗುಂಡಿ ಇದೆ. ತೆಳು ಪ್ಲಾಸ್ಟಿಕ್ಕಿನ ಕೆಲವು ಚೀಲಗಳ ಅಳತೆಯನ್ನು ಚಪ್ಪಟೆಯಾಗಿ ನೆಲದ ಮೇಲೆ ಹಾಸಿ ಹೇಳುತ್ತಾರೆ. ಹಾಸಿದಾಗ 12 ಇಂಚು ಅಗಲ ಅಂದರೆ ಸುತ್ತಳತೆ 24 ಇಂಚು. ಮಣ್ಣು ತುಂಬಿ ದುಂಡಗಾದಾಗ ಅದರ ಬಾಯಿ 12 ಇಂಚು ಇರುವುದಿಲ್ಲ, ಏಳೂವರೆ ಇಂಚು ಚಿಲ್ಲರೆ ಮಾತ್ರ. ನಿಜವಾದ 12 x 12 ಚೀಲ ಕಂಠಮಟ್ಟ 22 ಲೀಟರ್ ಹಿಡಿದರೆ ಇದು 9 ಲೀಟರ್ ಹಿಡಿಯುತ್ತದೆ. ನಾನೂ ಮೊದಲ ವರ್ಷ ಇಂಥ ಎರಡು ಡಜನ್ ತಂದು, ಬದನೆ ನೆಟ್ಟು, ಗಿಡ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿದ್ದನ್ನು ನೋಡಿದ್ದೇನೆ. ಅಂಗಡಿಯಲ್ಲೇ ಚೀಲ ಬಿಡಿಸಿ, ನಿಲ್ಲಿಸಿ, ಬಾಯಿಗೆ ಟೇಪು ಹಿಡಿಯಿರಿ. ದಪ್ಪ ನೇಯ್ಗೆಯ ದುಂಡು ತಳದ ಚೀಲಗಳಲ್ಲಿ ಈ ಗೊಂದಲ ಕಡಿಮೆ.

4. ಒಂದು ಚೀಲಕ್ಕೆ ಎಷ್ಟು ಲೀಟರ್

ದುಂಡು ಚೀಲಕ್ಕೆ ಸುಲಭದ ಸೂತ್ರ ಇದು. ಎಲ್ಲ ಅಳತೆ ಇಂಚಿನಲ್ಲಿ:

```
ಲೀಟರ್ = ವ್ಯಾಸ × ವ್ಯಾಸ × ತುಂಬುವ ಎತ್ತರ ÷ 78
```

ಚೌಕದ ಅಥವಾ ಉದ್ದನೆಯ ಚೀಲವಾದರೆ ಉದ್ದ × ಅಗಲ × ಎತ್ತರ ÷ 61.

"ತುಂಬುವ ಎತ್ತರ" ಅಂದದ್ದು ಗಮನಿಸಿ, ಚೀಲದ ಎತ್ತರ ಅಲ್ಲ. ಮೇಲೆ ಕನಿಷ್ಠ 2 ಇಂಚು ಖಾಲಿ ಬಿಡಬೇಕು. ಇಲ್ಲದಿದ್ದರೆ ನೀರು ಹಾಕಿದಾಗ ಮಣ್ಣು ಸಮೇತ ಹೊರಗೆ ಹರಿಯುತ್ತದೆ. ದೊಡ್ಡ ಚೀಲಕ್ಕೆ 3 ಇಂಚು ಬಿಡಿ, ಬಳ್ಳಿಯ ಬುಡಕ್ಕೆ ಆಮೇಲೆ ಗೊಬ್ಬರ ಏರಿಸಲು ಜಾಗ ಇರಲಿ.

- 18 x 18, ತುಂಬುವುದು 15 ಇಂಚು: 18 × 18 × 15 ÷ 78 = ಸುಮಾರು 62 ಲೀಟರ್
- 15 x 15, ತುಂಬುವುದು 13 ಇಂಚು: ಸುಮಾರು 38 ಲೀಟರ್
- 12 x 12, ತುಂಬುವುದು 10 ಇಂಚು: ಸುಮಾರು 18.5 ಲೀಟರ್

15 ಇಂಚಿನ ಚೀಲ 12 ಇಂಚಿನದಕ್ಕಿಂತ ನೋಡಲು ಸ್ವಲ್ಪವೇ ದೊಡ್ಡದು. ಮಣ್ಣು ಮಾತ್ರ ಎರಡರಷ್ಟು ತಿನ್ನುತ್ತದೆ. ಚೀಲದ ಬೆಲೆ ನೋಡಿ ಗಾತ್ರ ಆರಿಸುವವರು ಎಡವುವುದು ಇಲ್ಲೇ. ಖರ್ಚು ಚೀಲದ್ದಲ್ಲ, ಒಳಗಿನ ಮಣ್ಣಿನದು.

ಈಗ ಗುಣಿಸಿ:

- 9 × 62 = 558
- 24 × 38 = 912
- 24 × 18.5 = 444

ಒಟ್ಟು 1914 ಲೀಟರ್. ಇದು ನೀರು ಕುಡಿದು ಕೂತ ಮೇಲಿನ ಮಣ್ಣು.

5. ತಾರಸಿ ಹೊರುತ್ತದೆಯೇ? ಮಣ್ಣು ತರಿಸುವ ಮುಂಚೆಯೇ ನೋಡಿ

ಈ ಹಂತವನ್ನು ಹಾರಿಸಬೇಡಿ. ಜಾಗ ಇದೆ ಅಂದಮಾತ್ರಕ್ಕೆ ತಾರಸಿ ಅಷ್ಟನ್ನೂ ಹೊರುತ್ತದೆ ಅಂತಲ್ಲ.

ಕಟ್ಟಡಗಳ ಮೇಲಿನ ಭಾರದ ಬಗ್ಗೆ ಇರುವ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದಲ್ಲಿ, ಜನ ಓಡಾಡುವ ತಾರಸಿಗೆ ಒಂದು ಚದರ ಮೀಟರಿಗೆ ಸುಮಾರು 150 ಕೆಜಿ ಹೆಚ್ಚುವರಿ ಭಾರ ಎಂದು ಇಟ್ಟುಕೊಂಡು ವಿನ್ಯಾಸ ಮಾಡಬೇಕು ಅಂತ ಇದೆ. ನಮ್ಮ ಅಳತೆಯಲ್ಲಿ ಚದರಡಿಗೆ ಸುಮಾರು 14 ಕೆಜಿ. ಓಡಾಟಕ್ಕಲ್ಲದ, ರಿಪೇರಿಗೆ ಮಾತ್ರ ಹತ್ತುವ ತಾರಸಿಗೆ ಅದರ ಅರ್ಧ, ಅಂದರೆ 7 ಕೆಜಿ. ಮೆಟ್ಟಿಲೇ ಇಲ್ಲದೆ ಏಣಿ ಇಟ್ಟು ಹತ್ತುವ ಹಳೆಯ ತಾರಸಿ ಇದ್ದರೆ ಎರಡನೆಯದನ್ನೇ ಹಿಡಿಯಿರಿ.

ಮುಂದೆ ಹೇಳುವ ಹಗುರ ಮಿಶ್ರಣ ಒದ್ದೆಯಾದಾಗ ಲೀಟರಿಗೆ ಸುಮಾರು 1.1 ಕೆಜಿ ತೂಗುತ್ತದೆ. ಬರೀ ಮಣ್ಣು ತುಂಬಿದರೆ 1.7 ಕೆಜಿ ತನಕ ಹೋಗುತ್ತದೆ. ನಡುವಿನ ಜೋಡಿ ಸಾಲನ್ನೇ ನೋಡೋಣ. 912 ಲೀಟರ್, 1.1ರಂತೆ ಸುಮಾರು 1000 ಕೆಜಿ. ಈ ಭಾರ ಹಂಚಿಕೆಯಾಗುವುದು ಸಾಲಿನ 3 ಅಡಿ ಮತ್ತು ಎರಡೂ ಕಡೆಯ ದಾರಿಯ ಅರ್ಧರ್ಧ ಸೇರಿ 5 ಅಡಿ ಅಗಲ, 20 ಅಡಿ ಉದ್ದದಲ್ಲಿ, ಅಂದರೆ 100 ಚದರಡಿಯಲ್ಲಿ. ಚದರಡಿಗೆ 10 ಕೆಜಿ ಬಂತು. 14ರ ಒಳಗಿದೆ, ಮಳೆ ನೀರಿಗೆ, ಓಡಾಡುವವರಿಗೆ ಸ್ವಲ್ಪ ಉಳಿಕೆಯೂ ಇದೆ.

ಅದೇ ಚೀಲಗಳಿಗೆ ಬರೀ ಮಣ್ಣು ತುಂಬಿದ್ದರೆ? 1550 ಕೆಜಿ, ಚದರಡಿಗೆ ಹದಿನೈದೂವರೆ. ಮಿತಿ ದಾಟಿತು. ಹಗುರ ಮಿಶ್ರಣವೇ ಹಾಕಿ ದಾರಿ ಬಿಡದೆ ಒತ್ತೊತ್ತಾಗಿ ಜೋಡಿಸಿದ್ದರೆ? ಒಂದೊಂದು ಚೀಲ 41 ಕೆಜಿ, ಹಿಡಿಯುವ ಜಾಗ ಒಂದೂವರೆ ಚದರಡಿ ಚಿಲ್ಲರೆ. ಚದರಡಿಗೆ 26 ಕೆಜಿ! ನಡುವಿನ 2 ಅಡಿ ದಾರಿ ಓಡಾಟಕ್ಕೆ ಮಾತ್ರ ಅಲ್ಲ, ಭಾರ ಹಂಚುವುದಕ್ಕೂ ಬೇಕು ಅನ್ನುವುದು ಇದಕ್ಕೇ.

ಭಾರದ ಚೀಲಗಳು ಗೋಡೆಯ ಅಥವಾ ತೊಲೆಯ (ಬೀಮಿನ) ನೇರಕ್ಕೆ ಇರಲಿ. ಚಿರೆಕಲ್ಲಿನ ಗೋಡೆ ಕೆಳಗಿದ್ದ ಕಡೆ ಸ್ಲ್ಯಾಬು ಗಟ್ಟಿ, ಕೋಣೆಯ ನಡುಮಧ್ಯದಲ್ಲಿ ಅದು ದುರ್ಬಲ. ನಮ್ಮ 18 ಇಂಚಿನ ಚೀಲಗಳು ಉತ್ತರದ ಗೋಡೆ ಹಿಡಿದು ಇರುವುದು ಹಾಗಾಗಿ ಎರಡು ರೀತಿಯಲ್ಲಿ ಸರಿ.

ಕರಾವಳಿಯವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಕೆಳಗಿನ ಕೋಣೆಯಲ್ಲಿ ನಿಂತು ಛಾವಣಿ ನೋಡಿ. ಸರಳಿನ ನೇರಕ್ಕೆ ಕಂದು ಗೆರೆ, ಉದ್ದುದ್ದ ಬಿರುಕು, ಗಾರೆ ಹೊಪ್ಪಳಿಕೆಯಾಗಿ ಉದುರಿದ ಗುರುತು ಇದೆಯೇ? ಉಪ್ಪುಗಾಳಿಗೆ, ಸೋರುವ ನೀರಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಹೀಗಾಗುತ್ತದೆ. ಇಂಥ ತಾರಸಿಗೆ ನಾನು ಕೊಟ್ಟ ಯಾವ ಲೆಕ್ಕವೂ ಹೊಂದುವುದಿಲ್ಲ. ಎಂಜಿನಿಯರಿಗೆ ತೋರಿಸುವ ತನಕ ಒಂದು ಚೀಲವನ್ನೂ ಏರಿಸಬೇಡಿ.

6. ಮಿಶ್ರಣ: ಯಾವುದು ಎಷ್ಟು

ನಾನು ಹೇಳುವುದು ಮೂರು ಸಮ ಪಾಲು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟ್ (ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಪಾಲು ಅಂದರೆ ಬಕೆಟ್ಟಿನ ಅಳತೆ, ತೂಕ ಅಲ್ಲ.

ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಒಂದು ಬಕೆಟ್ ಮಣ್ಣು, ಒಂದು ಬಕೆಟ್ ಕೋಕೋಪೀಟ್ ಸೇರಿಸಿದರೆ ಎರಡು ಬಕೆಟ್ ಬರುವುದಿಲ್ಲ. ಸಣ್ಣ ಮಣ್ಣು ದೊಡ್ಡ ಪುಡಿಯ ಸಂದಿಗೆ ಇಳಿಯುತ್ತದೆ. ಆಮೇಲೆ ನೀರು ಬಿದ್ದಾಗ ಇನ್ನಷ್ಟು ಕೂರುತ್ತದೆ. ಎರಡೂ ಸೇರಿ ನಮ್ಮ ಮಿಶ್ರಣಕ್ಕೆ ನಾನು 20 ಪ್ರತಿಶತ ಜಾಸ್ತಿ ಇಟ್ಟುಕೊಳ್ಳುತ್ತೇನೆ. 1914 × 1.2 ಅಂದರೆ ಸುಮಾರು 2300 ಲೀಟರ್ ಸಡಿಲ ವಸ್ತು. ಮೂರು ಪಾಲು ಮಾಡಿದರೆ ಒಂದೊಂದೂ ಸುಮಾರು 770 ಲೀಟರ್.

*ಮಣ್ಣು.* 770 ÷ 35 = 22 ಸಿಮೆಂಟ್ ಚೀಲ. ಗದ್ದೆಯ ಅಂಚಿನದೋ ತೋಟದ್ದೋ ಮೇಲ್ಮಣ್ಣು ಒಳ್ಳೆಯದು. ಚಿರೆಕಲ್ಲಿನ ಹುಡಿ ಬೇಡ, ಒಣಗಿದರೆ ಇಟ್ಟಿಗೆಯಾಗುತ್ತದೆ. ಗಜನಿ ಗದ್ದೆಯ ಮಣ್ಣು, ಸಮುದ್ರದ ದಂಡೆಯ ಮರಳು ಎರಡನ್ನೂ ಮುಟ್ಟಬೇಡಿ, ಉಪ್ಪು ಇರುತ್ತದೆ. ನಮ್ಮ ಕೆಂಪು ಮಣ್ಣು ಹುಳಿ ಗುಣದ್ದು. 15 ಇಂಚಿನ ಒಂದು ಚೀಲಕ್ಕೆ 40-50 ಗ್ರಾಂ ಕೃಷಿ ಸುಣ್ಣದಂತೆ ಮಣ್ಣಿಗೆ ಬೆರೆಸಿ, ಎರಡು ವಾರ ಬಿಟ್ಟು ಆಮೇಲೆ ಗೊಬ್ಬರ ಸೇರಿಸಿ. ಸುಣ್ಣ, ಗೊಬ್ಬರ ಒಟ್ಟಿಗೇ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಬಡಿಯುವುದು ಅದೇ.

*ಕೋಕೋಪೀಟ್.* 5 ಕೆಜಿಯ ಒತ್ತಿದ ಹೆಂಟೆ (ಬ್ಲಾಕ್) ನೀರು ಕುಡಿದು ಸುಮಾರು 65 ಲೀಟರ್ ಆಗುತ್ತದೆ. ಕಟ್ಟಿನ ಮೇಲೆ ಇದಕ್ಕಿಂತ ಜಾಸ್ತಿ ಬರೆದಿರಬಹುದು, ನೀವು 65 ಅಂತಲೇ ಹಿಡಿಯಿರಿ. 770 ÷ 65 = 12 ಹೆಂಟೆ. ಒಣ ಹೆಂಟೆಯನ್ನು ಹಾಗೇ ಪುಡಿ ಮಾಡಿ ಹಾಕಬಾರದು, ಚೀಲದೊಳಗೆ ಉಬ್ಬುತ್ತದೆ. ಉಪ್ಪು ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಿಂದ ಮಾಡಿದ್ದಾದರೆ ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ. ನೆನೆಸಿ, ಹಿಂಡಿ, ನೀರು ಚೆಲ್ಲಿ. ಕಂದು ನೀರು ತಿಳಿಯಾಗುವ ತನಕ ಎರಡು ಮೂರು ಸಲ ಮಾಡಿ. ತೊಳೆಯದೆ ಬಳಸಿದ್ದರೆ ಹೇಗೆ ಗೊತ್ತಾಗುತ್ತದೆ? ಸಸಿಯ ಎಲೆಯ ಅಂಚು ಸುಟ್ಟಂತೆ ಒಣಗುತ್ತದೆ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

*ಗೊಬ್ಬರ.* ಇದೂ 22 ಚೀಲ. ಶಿರಸಿ, ಸಿದ್ದಾಪುರ ಕಡೆಯ ಕೊಟ್ಟಿಗೆಯ ದರಕಿನ ಗೊಬ್ಬರ ಸಿಕ್ಕರೆ ಬಿಡಬೇಡಿ. ದರಕು, ಅಂದರೆ ಒಣ ಎಲೆ, ಕಳಿತು ಸೇರಿರುವುದರಿಂದ ಅದು ಹಗುರ, ಸಡಿಲ. ಎರೆಗೊಬ್ಬರವನ್ನು ಕೆಜಿಯಲ್ಲಿ ಮಾರುತ್ತಾರೆ, ಲೀಟರಿನಲ್ಲಿ ಅಲ್ಲ. ತೇವ ಜಾಸ್ತಿ ಇದ್ದಷ್ಟೂ ನೀವು ನೀರಿಗೆ ದುಡ್ಡು ಕೊಡುತ್ತೀರಿ. ಒಂದು ಚೀಲ ಬಿಚ್ಚಿ ಬಕೆಟ್ಟಿನಲ್ಲಿ ಅಳೆದು ನೋಡಿ ಆಮೇಲೆ ಉಳಿದದ್ದಕ್ಕೆ ಹೇಳಿ. ಗೊಬ್ಬರ ಹಸಿಯೋ ಕಳಿತದ್ದೋ ಅನ್ನುವ ಅನುಮಾನ ಇದ್ದರೆ ಒಂದು ಮುಷ್ಟಿ ಒದ್ದೆ ಮಾಡಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಎರಡು ದಿನ ಬಿಗಿಯಾಗಿ ಕಟ್ಟಿಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ಸೆಗಣಿಯ, ಕೊಳೆತ ವಾಸನೆ ಬಂದರೆ ಇನ್ನೊಂದು ತಿಂಗಳು ಕಾಯಿರಿ. ಹಸಿ ಗೊಬ್ಬರ ಬಿಸಿಯಾಗಿ ಬೇರು ಸುಡುತ್ತದೆ.

ಬೇವಿನ ಹಿಂಡಿಯನ್ನು ಈ ಲೀಟರ್ ಲೆಕ್ಕಕ್ಕೆ ಸೇರಿಸಬೇಕಿಲ್ಲ. ಚೀಲಕ್ಕೊಂದು ಮುಷ್ಟಿ ಸಾಕು.

7. ಎಲ್ಲ ತರಿಸುವ ಮುಂಚೆ ಒಂದು ಚೀಲ ತುಂಬಿ ನೋಡಿ

ನಿಮ್ಮ ಮಣ್ಣು, ನಿಮ್ಮ ಗೊಬ್ಬರ ನನ್ನ ಹಾಗೇ ಇರಬೇಕಂತಿಲ್ಲ. ಆ 20 ಪ್ರತಿಶತ ನಿಮ್ಮಲ್ಲಿ 15 ಇರಬಹುದು, 30 ಕೂಡ ಆಗಬಹುದು. ಹಾಗಾಗಿ 15 x 15ರ ಒಂದೇ ಚೀಲಕ್ಕೆ ಬೇಕಾಗುವಷ್ಟು ಮಾತ್ರ ಮೊದಲು ತನ್ನಿ.

ಚೀಲದ ಒಳಗೆ ತಳದಿಂದ 13 ಇಂಚಿಗೆ ಪೆನ್ನಿನಿಂದ ಗುರುತು ಹಾಕಿ. ಮೂರನ್ನೂ ಬಕೆಟ್ಟಿನಲ್ಲಿ ಅಳೆದು, ಎಷ್ಟು ಸುರಿದಿರಿ ಅಂತ ಬರೆದುಕೊಳ್ಳುತ್ತ ಮಿಶ್ರಣ ಮಾಡಿ. ಗುರುತಿನ ತನಕ ತುಂಬಿ. ಕಾಲಿನಿಂದ ತುಳಿಯಬೇಡಿ, ಚೀಲವನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಸಾಕು. ತಳದ ತೂತಿನಿಂದ ಹೊರಬರುವ ತನಕ ನೀರು ಹಾಕಿ. ಮರುದಿನ ಇನ್ನೊಮ್ಮೆ ಹಾಕಿ. ಮಣ್ಣು ಎರಡು ಇಂಚಿನಷ್ಟು ಕೆಳಗೆ ಇಳಿದಿರುತ್ತದೆ. ಮತ್ತೆ ಗುರುತಿನ ತನಕ ತುಂಬಿ, ಒಟ್ಟು ಸುರಿದದ್ದನ್ನು ಕೂಡಿಸಿ.

ನಮ್ಮ ಲೆಕ್ಕದ ಪ್ರಕಾರ 38 ಲೀಟರಿನ ಚೀಲಕ್ಕೆ 46 ಲೀಟರ್ ಸಡಿಲ ವಸ್ತು, ಅಂದರೆ ಎರಡು ಬಕೆಟ್ ಮತ್ತು ಮೂರನೆಯದರ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ ಬೇಕು. ನಿಮ್ಮಲ್ಲಿ 50 ಲೀಟರ್ ಬಂದರೆ 50 ÷ 38 = 1.3. ಮೇಲಿನ 1.2ರ ಜಾಗದಲ್ಲಿ 1.3 ಹಾಕಿ ಎಲ್ಲ ಮತ್ತೆ ಲೆಕ್ಕ ಮಾಡಿ.

ಅದೇ ಹೊತ್ತಿಗೆ ಇನ್ನೊಂದು ಪರೀಕ್ಷೆ ಮುಗಿಸಿ. ಒದ್ದೆ ಮಿಶ್ರಣವನ್ನು 20 ಲೀಟರಿನ ಬಕೆಟ್ಟಿಗೆ ತುಂಬಿ ತೂಗಿ ನೋಡಿ. 22-23 ಕೆಜಿ ಬಂದರೆ ಐದನೆಯ ಹಂತದ ಲೆಕ್ಕ ಸರಿಯಾಯಿತು. 28 ದಾಟಿದರೆ ಮಣ್ಣು ಜಾಸ್ತಿಯಾಗಿದೆ. ಅದರ ಪಾಲು ಇಳಿಸಿ, ಕೋಕೋಪೀಟ್ ಏರಿಸಿ.

8. ತುಂಬುವ ಕೆಲಸ

ಮಣ್ಣಿನ ರಾಶಿಯನ್ನು ತಾರಸಿಯ ಮೇಲೆ ಹಾಕಬೇಡಿ. ಒಂದು ಅಡಿ ಎತ್ತರದ ಒದ್ದೆ ಮಣ್ಣಿನ ರಾಶಿ ಚದರಡಿಗೆ ಸುಮಾರು 45 ಕೆಜಿ ತೂಗುತ್ತದೆ. ಸ್ಲ್ಯಾಬಿಗೆ ಹೇಳಿದ 14ರ ಮೂರು ಪಟ್ಟು! ಚೀಲದ ಭಾರ ಎಷ್ಟು ಜಾಗ್ರತೆಯಿಂದ ಲೆಕ್ಕ ಹಾಕಿದವರೂ ಈ ಒಂದು ದಿನ ಮರೆತುಬಿಡುತ್ತಾರೆ. ರಾಶಿ ಅಂಗಳದಲ್ಲೇ ಇರಲಿ. ಮಿಶ್ರಣ ಕೆಳಗೇ ಮಾಡಿ, ಬಕೆಟ್ಟಿನಲ್ಲಿ ಮೇಲೆ ಒಯ್ಯಿರಿ. ಮೂರೂ ಎರಡೆರಡು ಬಕೆಟ್ ಹಾಕಿದರೆ 120 ಲೀಟರ್. ಅದು ಕುಗ್ಗಿ 100 ಆಗುತ್ತದೆ, 15 ಇಂಚಿನ ಎರಡೂವರೆ ಚೀಲಕ್ಕೆ ಸಾಕು. ಒಂದು ಸಲಕ್ಕೆ ಇಷ್ಟೇ ಕಲಸಿದರೆ ಚೆನ್ನಾಗಿ ಬೆರೆಯುತ್ತದೆ.

ಚೀಲ ನೇರ ಸ್ಲ್ಯಾಬಿನ ಮೇಲೆ ಕೂರಬಾರದು. ತಳದ ತೂತು ಮುಚ್ಚುತ್ತದೆ, ಕೆಳಗೆ ಪಾಚಿ ಕಟ್ಟುತ್ತದೆ. ನಮ್ಮ ಕಡೆ ಇದಕ್ಕೆ ಅಡಿಕೆ ದಬ್ಬೆಗಿಂತ ಒಳ್ಳೆಯ ವಸ್ತು ಇಲ್ಲ. ಸಾಲಿನುದ್ದಕ್ಕೆ ಎರಡೆರಡು ದಬ್ಬೆ ಹಾಸಿ, ಅದರ ಮೇಲೆ ಚೀಲ ಇಡಿ. ಭಾರವೂ ಉದ್ದಕ್ಕೆ ಹಂಚಿಹೋಗುತ್ತದೆ, ಗಾಳಿಯೂ ಆಡುತ್ತದೆ. ನಡುವೆ ಒಂದೇ ಇಟ್ಟಿಗೆ ಇಟ್ಟರೆ ಚೀಲ ಸುತ್ತಲೂ ಜೋತುಬಿದ್ದು ಹರಿಯುತ್ತದೆ. ಖಾಲಿ ಚೀಲವನ್ನು ಅದರ ಜಾಗದಲ್ಲೇ ಇಟ್ಟು ತುಂಬಿ, ತುಂಬಿದ ಮೇಲೆ ಸರಿಸಬೇಡಿ.

ಸಣ್ಣ ತಾರಸಿಯವರಿಗೆ

ನಮ್ಮ ಉದಾಹರಣೆಯಿಂದ ಒಂದು ಅಂದಾಜು ಸಿಗುತ್ತದೆ. ಬಳಸಬಹುದಾದ ಜಾಗದಲ್ಲಿ 4 ಚದರಡಿಗೆ ಹೆಚ್ಚುಕಡಿಮೆ ಒಂದು ಚೀಲ. ಚದರಡಿಗೆ 8 ಲೀಟರ್ ಕೂತ ಮಿಶ್ರಣ, ಅದಕ್ಕೆ ಹತ್ತಿರ ಹತ್ತಿರ 10 ಲೀಟರ್ ಸಡಿಲ ವಸ್ತು. 100 ಚದರಡಿ ಇದ್ದರೆ 24 ಚೀಲ, 9 ಸಿಮೆಂಟ್ ಚೀಲ ಮಣ್ಣು, 9 ಚೀಲ ಗೊಬ್ಬರ, 5 ಹೆಂಟೆ ಕೋಕೋಪೀಟ್. ಮೂರೂ ಗಾತ್ರದ ಚೀಲ ನಾವು ಇಟ್ಟ ಪ್ರಮಾಣದಲ್ಲೇ ಇದ್ದರೆ ಮಾತ್ರ ಇದು ಹೊಂದುತ್ತದೆ. ಎಲ್ಲವೂ ಬಸಳೆ, ಹೀರೆ ಅಂತ 18 ಇಂಚೇ ಇಡುವವರು ನಾಲ್ಕನೆಯ, ಐದನೆಯ ಹಂತ ಮತ್ತೆ ಮಾಡಲೇಬೇಕು.

ಮಳೆಗಾಲ ಮುಗಿದ ಮೇಲೆ

ಜೂನಿನಿಂದ ಸೆಪ್ಟೆಂಬರ್ ತನಕ ಸುರಿಯುವ ನಮ್ಮ ಮಳೆಗೆ ತೆರೆದಿಟ್ಟ ಚೀಲದ ಸತ್ವವೆಲ್ಲ ತೊಳೆದು ಹೋಗುತ್ತದೆ. ಗಿಡ ಕಿತ್ತ ಮೇಲೆ ಚೀಲದ ಬಾಯಿ ಮಡಿಸಿ, ಮೇಲೆ ಒಂದು ಪ್ಲಾಸ್ಟಿಕ್ ಹೊದಿಸಿ ಕಟ್ಟಿಡಿ. ಹಾಗೆ ಮಾಡಿದರೂ ಒಳಗಿನ ಗೊಬ್ಬರ, ಕೋಕೋಪೀಟ್ ಕಳಿತು ವರ್ಷಕ್ಕೆ ಐದನೇ ಒಂದು ಭಾಗದಷ್ಟು ಇಳಿಯುತ್ತದೆ. 15 ಇಂಚಿನ ಚೀಲದಲ್ಲಿ ಗುರುತಿಗಿಂತ ಎರಡೂವರೆ ಇಂಚು ಕೆಳಗೆ ಹೋಗಿರುವುದು ಕಾಣುತ್ತದೆ. ನಮ್ಮ 1914 ಲೀಟರಿಗೆ ಇದು ಸುಮಾರು 380 ಲೀಟರ್. ಅಕ್ಟೋಬರದಲ್ಲಿ ಹಳೆಯ ಮಣ್ಣನ್ನು ಒಮ್ಮೆ ಸುರುವಿ, ಬೇರು ಆರಿಸಿ ತೆಗೆದು, 11 ಸಿಮೆಂಟ್ ಚೀಲ ಕಳಿತ ಗೊಬ್ಬರ ಬೆರೆಸಿ ಮತ್ತೆ ತುಂಬಿ. ಇಳಿದ ಜಾಗಕ್ಕೆ ಮಣ್ಣು ಹಾಕಬೇಡಿ. ವರ್ಷ ವರ್ಷ ಮಣ್ಣೇ ಏರಿಸುತ್ತ ಹೋದರೆ ಮೂರು ನಾಲ್ಕು ವರ್ಷದಲ್ಲಿ 20 ಲೀಟರಿನ ಆ ಬಕೆಟ್ 28 ಕೆಜಿ ದಾಟಿರುತ್ತದೆ.